ಎಣ್ಣೆ ಅಂಗಡಿಯ ಸ್ಲೋಗನ್: ಜೋಕ್ ಉಳಿಸಿಕೊಳ್ಳಲಾ, ಬಿಡಲಾ?

ಗಾಣದಮನೆ
ಎಲ್ಲರಿಗೂ ನಮಸ್ಕಾರ. ತುಮಕೂರಿನಲ್ಲಿ ನಾನು, ನನ್ನ ತಮ್ಮ ಸೇರಿ ಮರದ ಗಾಣದ ಎಣ್ಣೆ ಅಂಗಡಿ ನಡೆಸುತ್ತಿದ್ದೇವೆ. ಎತ್ತು ಇಲ್ಲ, ಮೋಟಾರಿನಲ್ಲಿ ತಿರುಗುವ ಗಾಣ. ಕಡಲೆಕಾಯಿ, ಕೊಬ್ಬರಿ, ಎಳ್ಳು, ಹುಚ್ಚೆಳ್ಳು, ಇಷ್ಟೇ. ಮುಂದಿನ ತಿಂಗಳು ಬಸ್ ಸ್ಟ್ಯಾಂಡ್ ಹತ್ತಿರ ಎರಡನೇ ಅಂಗಡಿ ತೆರೆಯುತ್ತಿದ್ದೇವೆ. ಅದರ ಬೋರ್ಡಿಗೆ ತಮ್ಮ ಬರೆದ ಸಾಲು ಇದು:

ಎಣ್ಣೆ ಬಿಟ್ಟವರೂ ಮತ್ತೆ ಹಿಡಿದ ಎಣ್ಣೆ!

ಡಾಕ್ಟರ್ ಹೇಳಿದರೆಂದೋ ತೂಕ ಏರಿತೆಂದೋ ಎಣ್ಣೆ ಬಿಟ್ಟವರು ಕೂಡ ನಮ್ಮದನ್ನು ಕೊಳ್ಳುತ್ತಾರೆ ಎಂಬುದು ಅವನ ಅರ್ಥ. ಜೊತೆಗೆ ಆ ಇನ್ನೊಂದು ಎಣ್ಣೆಯ ಜೋಕೂ ಇದೆ. ಕೇಳಿದವರೆಲ್ಲ ನಕ್ಕರು. ಪರೀಕ್ಷೆಗೆ ಅಂತ ಹಳೇ ಅಂಗಡಿಗೆ ಒಂದು ವಾರ ಬ್ಯಾನರ್ ಕಟ್ಟಿದೆವು. ಸಂಜೆ ಹೊತ್ತು ಮೂರು ಜನ ಬಂದು ಕ್ವಾರ್ಟರ್ ಕೇಳಿದರು. ಒಬ್ಬರು ತಮಾಷೆಗೆ ಕೇಳಿದ್ದು, ಇಬ್ಬರು ನಿಜವಾಗಿಯೂ!

ಹಾಗಾಗಿ ಐದು ಬೇರೆ ಸಾಲು ಬರೆದಿದ್ದೇವೆ. ಯಾವುದು ಒಳ್ಳೆಯದು ಹೇಳಿ.

1. ಬಿಟ್ಟವರೂ ಹುಡುಕಿ ಬರುವ ಅಡುಗೆ ಎಣ್ಣೆ
2. ಶುದ್ಧ, ತಾಜಾ, ಆರೋಗ್ಯಕರ ಗಾಣದ ಎಣ್ಣೆ
3. ಬೀಜ ನಿಮ್ಮದು, ಗಾಣ ನಮ್ಮದು
4. ತಿರುಗುವುದು ಗಾಣ, ತಲೆಯಲ್ಲ!
5. ಕಣ್ಣೆದುರೇ ಗಾಣ, ಕೈಯಲ್ಲೇ ಎಣ್ಣೆ

ಚಳ್ಳಕೆರೆ ಹುಡುಗ
ಅಕ್ಕ, ಹಳೇದನ್ನೇ ಇಡಿ! ಅದರಲ್ಲಿ ಮಜಾ ಇದೆ. ಉಳಿದ ಐದೂ ಸಪ್ಪೆ. ನಮ್ಮೂರಿಗೆ ಎಣ್ಣೆ ನಗರ ಅಂತಲೇ ಹೆಸರು. ಕಾಲೇಜಿಗೆ ಬೆಂಗಳೂರಿಗೆ ಬಂದಾಗ ಹಾಸ್ಟೆಲ್‌ನಲ್ಲಿ ಹಾಗೆ ಹೇಳಿದ್ದಕ್ಕೆ ಎಲ್ಲರೂ ಬಿದ್ದು ಬಿದ್ದು ನಕ್ಕರು. ಆದರೆ ಊರಿನ ಹೆಸರು ಇವತ್ತಿಗೂ ಮರೆತಿಲ್ಲ ನೋಡಿ.

ಒಗ್ಗರಣೆ
ಗಾಣದ ಎಣ್ಣೆಯಲ್ಲಿ ಪೂರಿ ಕರಿಯಬಹುದಾ? ನೊರೆ ಬರುತ್ತೆ ಅಂತ ನಮ್ಮತ್ತೆ ಬೇಡ ಅಂತಾರೆ.

ಗಾಣದಮನೆ
@ಒಗ್ಗರಣೆ ಕಡಲೆಕಾಯಿ ಎಣ್ಣೆಯಲ್ಲಿ ಕರಿಯಬಹುದು ಅಮ್ಮ. ಎರಡು ದಿನ ಚೆನ್ನಾಗಿ ತಿಳಿಯಾಗಲು ಬಿಟ್ಟ ಎಣ್ಣೆಯಾದರೆ ನೊರೆ ಕಡಿಮೆ. ಇಲ್ಲಿ ಸ್ಲೋಗನ್ ಬಗ್ಗೆ ಕೇಳ್ತಿದ್ದೀನಿ 🙂

ಬ್ರಷ್ ಮೇಷ್ಟ್ರು
ಮೂವತ್ತು ವರ್ಷದಿಂದ ಬೋರ್ಡ್ ಬರೀತಿದ್ದೇನೆ. ಮೊದಲು ಒಂದನೇದು ತೆಗೀರಿ. "ಬಿಟ್ಟವರೂ" ಅಂತ ಶುರುವಾದರೆ ಏನು ಬಿಟ್ಟವರು? ಊರು ಬಿಟ್ಟವರಾ, ಹೆಂಡತಿ ಬಿಟ್ಟವರಾ? ಓದುವವನು ಕೊನೆಯ ಪದದವರೆಗೂ ಕಾಯಬೇಕು. ಬಸ್ಸಿಗೆ ಓಡುತ್ತಿರುವವನು ಕಾಯಲ್ಲ. ಹಳೇ ಜೋಕನ್ನು ಅರ್ಧ ಒರೆಸಿದರೆ ಹೀಗೇ ಆಗೋದು. ಜೋಕೂ ಇಲ್ಲ, ಅರ್ಥವೂ ಇಲ್ಲ.

ಪ್ರಾಸಪ್ರಿಯ
ಎರಡರ್ಥದ ಪದದಿಂದ ದೊಡ್ಡ ದೊಡ್ಡ ಕಂಪನಿಗಳೇ ಮುಳುಗಿವೆ. ಶೆವ್ರೊಲೆ ನೋವಾ ಅಂತ ಒಂದು ಕಾರು ಇತ್ತು. ಸ್ಪ್ಯಾನಿಷ್‌ನಲ್ಲಿ "ನೋ ವಾ" ಎಂದರೆ "ಹೋಗುವುದಿಲ್ಲ". ಆ ಹೆಸರಿನಿಂದಲೇ ಅದು ಲ್ಯಾಟಿನ್ ಅಮೆರಿಕದಲ್ಲಿ ಮಾರಾಟವಾಗಲಿಲ್ಲ. ಆದ್ದರಿಂದ ಶ್ಲೇಷೆ ಬೇಡವೇ ಬೇಡ. ಗಾದೆಗಳನ್ನು ನೋಡಿ. "ಕೈ ಕೆಸರಾದರೆ ಬಾಯಿ ಮೊಸರು". ಇದರಲ್ಲಿ ಶ್ಲೇಷೆ ಎಲ್ಲಿದೆ? ಕೆಸರು, ಮೊಸರು ಎಂಬ ಪ್ರಾಸ ಇದೆ, ಎರಡು ಸಮ ತುಂಡುಗಳಿವೆ. ನಾಲಿಗೆಗೆ ಅಂಟಿಕೊಳ್ಳಲು ಅಷ್ಟು ಸಾಕು. ನನ್ನ ಮತ ಐದಕ್ಕೆ.

ಪ್ರಶ್ನೆಪತ್ರಿಕೆ
ನೋವಾ ಕಥೆ ಎಲ್ಲರೂ ಹೇಳುತ್ತಾರೆ ಮೇಡಂ, ಆದರೆ ಅದು ಕಟ್ಟುಕಥೆ. ಆ ಕಾರು ಮೆಕ್ಸಿಕೊ, ವೆನೆಜುವೆಲಾಗಳಲ್ಲಿ ಚೆನ್ನಾಗಿಯೇ ಮಾರಾಟವಾಯಿತು. ಕಾರಿನ ಅಂಗಡಿಯಲ್ಲಿ ನಿಂತವರಿಗೆ ಅದು ಕಾರಿನ ಹೆಸರು ಅಂತ ಗೊತ್ತೇ ಇರುತ್ತೆ. ಇನ್ನೊಂದು ಅರ್ಥ ತಲೆಗೆ ಬಂದರೂ ತಂಟೆ ಮಾಡಲ್ಲ. ಗಾದೆಯ ಮಾತು ಮಾತ್ರ ನೂರಕ್ಕೆ ನೂರು ಒಪ್ಪಿದೆ.

ಗಾಣದಮನೆಯವರೇ, ನಾನು ಮಾರ್ಕೆಟ್ ಸರ್ವೇ ಕೆಲಸ ಮಾಡುವವನು. ನಿಮ್ಮ ಕಷ್ಟ ಎರಡರ್ಥದಿಂದ ಬಂದಿದ್ದಲ್ಲ. ಎರಡನೇ ಅರ್ಥ ಜನರನ್ನು ಎಲ್ಲಿಗೆ ಕಳಿಸುತ್ತೆ ಅನ್ನುವುದರಿಂದ ಬಂದಿದ್ದು. ನಿಮ್ಮ ಹಳೇ ಸಾಲನ್ನು ತಪ್ಪಾಗಿ ಓದಿದವನು ಬಾರಿಗೆ ಹೋಗುತ್ತಾನೆ. ನಾಲ್ಕನೇದನ್ನು ಅದೇ ಮನಸ್ಸಿನಿಂದ ಓದಿ. "ತಲೆ ತಿರುಗಲ್ಲ" ಅಂದರೆ ಇದು ಆ ಎಣ್ಣೆ ಅಲ್ಲ ಅಂತ ಸಾಲೇ ಹೇಳುತ್ತೆ. ಜೋಕ್ ಅರ್ಥವಾದರೂ ಆಗದಿದ್ದರೂ ಗಿರಾಕಿ ನಿಮ್ಮ ಅಂಗಡಿಯಲ್ಲೇ ಇರುತ್ತಾನೆ.

ಒಂದು ಮಾತು: ಇಲ್ಲಿ ನಮ್ಮ ಹತ್ತಿರ ವೋಟು ಕೇಳಬೇಡಿ. "ಯಾವುದು ಇಷ್ಟ" ಅಂದರೆ ಎಲ್ಲರೂ ನಗಿಸಿದ್ದನ್ನೇ ಆರಿಸುತ್ತಾರೆ, ಚಳ್ಳಕೆರೆಯವರ ಹಾಗೆ. ಮೇಲಾಗಿ ನಮಗೆಲ್ಲ ನೀವು ಗಾಣದವರು ಅಂತ ಮೊದಲೇ ಗೊತ್ತು. ಬಸ್ ಸ್ಟ್ಯಾಂಡಿನಲ್ಲಿ ನಿಂತವನಿಗೆ ಗೊತ್ತಿಲ್ಲ.

ಗ್ಯಾರೇಜ್ ಬಸು
ನಂದೂ ಇಂಥದೇ ಕಥೆ ರೀ. ಟೂ ವೀಲರ್ ಗ್ಯಾರೇಜ್ ಇದೆ. "ಒಮ್ಮೆ ಬಂದ ಗಾಡಿ ಮತ್ತೆ ಮತ್ತೆ ಬರುತ್ತದೆ" ಅಂತ ದೊಡ್ಡದಾಗಿ ಬರೆಸಿದ್ದೆ. ನಂಬಿಕೆಯ ಮಾತು ಅಂದುಕೊಂಡಿದ್ದೆ. ಎರಡು ವರ್ಷ ಆದಮೇಲೆ ಒಬ್ಬ ಗಿರಾಕಿ, "ಅಂದರೆ ಒಂದೇ ಸಲಕ್ಕೆ ರಿಪೇರಿ ಆಗಲ್ಲ ಅಂತ ನೀವೇ ಒಪ್ಪಿಕೊಂಡಿದ್ದೀರಿ ಅಲ್ವಾ" ಅಂದ. ಅವತ್ತೇ ಸುಣ್ಣ ಬಳಿಸಿದೆ.

ಚಳ್ಳಕೆರೆ ಹುಡುಗ
😂😂 ಬಸಣ್ಣ, ಅದನ್ನು ಅಳಿಸಬಾರದಿತ್ತು.

ನೀಲಿ ಛತ್ರಿ
ಎಲ್ಲರೂ ನಗುತ್ತಿದ್ದೀರಿ, ನಾನು ಮಧ್ಯೆ ಬಂದದ್ದಕ್ಕೆ ಬೇಜಾರಾಗಬೇಡಿ. ನಮ್ಮ ಮನೆಯವರು ಕುಡಿಯುವುದು ಬಿಟ್ಟು ಒಂದು ವರ್ಷ ಚೆನ್ನಾಗಿದ್ದರು. ಆಮೇಲೆ ಮತ್ತೆ ಹಿಡಿದರು. "ಎಣ್ಣೆ ಬಿಟ್ಟವರೂ ಮತ್ತೆ ಹಿಡಿದ" ಅಂತ ದೊಡ್ಡ ಅಕ್ಷರದಲ್ಲಿ ಓದಿದರೆ ನನಗೆ ಕಡಲೆಕಾಯಿ ನೆನಪಾಗಲ್ಲ. ಬಸ್ ಸ್ಟ್ಯಾಂಡಿನಲ್ಲಿ ದಿನಾ ನೂರಾರು ಹೆಂಗಸರು ಓಡಾಡುತ್ತಾರೆ. ಮನೆಗೆ ಅಡುಗೆ ಎಣ್ಣೆ ತರುವವರೂ ಅವರೇ.

ಗಾಣದಮನೆ
ಅಕ್ಕ, ಇದು ನಮ್ಮಿಬ್ಬರಿಗೂ ಹೊಳೆದೇ ಇರಲಿಲ್ಲ. ತಮ್ಮನಿಗೆ ಓದಿ ಹೇಳಿದೆ. ಸುಮ್ಮನಾದ.

@ಪ್ರಶ್ನೆಪತ್ರಿಕೆ ಸರ್, ವೋಟು ಬೇಡ ಅಂದರೆ ಹೇಗೆ ಆರಿಸೋದು? ಸರ್ವೇಗೆಲ್ಲ ನಮ್ಮ ಹತ್ತಿರ ದುಡ್ಡಿಲ್ಲ.

ಪ್ರಶ್ನೆಪತ್ರಿಕೆ
ದುಡ್ಡು ಬೇಡ. ರಟ್ಟು, ಮಾರ್ಕರ್, ಎರಡು ದಿನ ಸಾಕು. ನಿಮ್ಮನ್ನು ಗುರುತಿಲ್ಲದ 40 ಜನ ಬೇಕು. ಪಕ್ಕದ ಬೀದಿಯವರು, ತಮ್ಮನ ಗೆಳೆಯರ ಮನೆಯವರು, ಯಾರಾದರೂ ಸರಿ. ನಾಳೆ ಮತ್ತೆ ಸಿಗುವವರಾಗಿರಬೇಕು ಅಷ್ಟೇ. ವಯಸ್ಸಾದವರೂ ಇರಲಿ.

ನಾಲ್ಕು ಸಾಲು ಆರಿಸಿ. ಹಳೇದೂ ಇರಲಿ, ಹೋಲಿಸಲು ಬೇಕು. ಒಂದೊಂದು ಸಾಲನ್ನು ಹತ್ತತ್ತು ಜನರಿಗೆ ತೋರಿಸಿ. ಒಬ್ಬರಿಗೆ ಒಂದೇ ಸಾಲು. ಎರಡನೇದು ತೋರಿಸಿದಿರೋ, ಮೊದಲನೇದರಿಂದ ಸುಳಿವು ಸಿಕ್ಕಿರುತ್ತೆ. ರಟ್ಟಿನ ಮೇಲೆ ಗಾಣದ ಚಿತ್ರ, ಅಂಗಡಿ ಹೆಸರು ಏನೂ ಬೇಡ. ಐದು ಸೆಕೆಂಡ್ ತೋರಿಸಿ ಮುಚ್ಚಿ. "ಈ ಬೋರ್ಡ್ ಇರುವ ಅಂಗಡಿಯಲ್ಲಿ ಏನು ಸಿಗುತ್ತೆ?" ಅಂತ ಮಾತ್ರ ಕೇಳಿ, ಅವರು ಹೇಳಿದ್ದನ್ನು ಹಾಗೇ ಬರೆದುಕೊಳ್ಳಿ. ನೀವು ವಿವರಿಸಲು ಹೋಗಬೇಡಿ. ಆಮೇಲೆ ಅಂಗಡಿ ಹೆಸರು ಹೇಳಿ ಬನ್ನಿ. ಮಾರನೇ ದಿನ ಹೋಗಿ ಎರಡು ಕೇಳಿ: ನಿನ್ನೆಯ ಸಾಲು ಏನಿತ್ತು? ಅದು ಯಾವ ಅಂಗಡಿಯದು?

ಬ್ರಷ್ ಮೇಷ್ಟ್ರು
ಚಿತ್ರ ಯಾಕೆ ಬೇಡ ಸರ್? ಬೋರ್ಡಿನಲ್ಲಿ ಗಾಣ, ಬಾಟಲಿ ಎಲ್ಲ ನಾನು ಬರೆದೇ ಬರೀತೀನಿ. ಚಿತ್ರ ಇದ್ದರೆ ಗೊಂದಲ ಅರ್ಧ ಕಡಿಮೆಯಾಗುತ್ತೆ.

ಪ್ರಶ್ನೆಪತ್ರಿಕೆ
ಬೋರ್ಡಿನಲ್ಲಿ ನಿಜ ಮೇಷ್ಟ್ರೇ. ಆದರೆ ಇದೇ ಸಾಲನ್ನು ಆಟೋದಲ್ಲಿ ಮೈಕ್ ಕಟ್ಟಿಕೊಂಡು ಕೂಗುತ್ತಾರೆ, ವಾಟ್ಸಾಪ್‌ನಲ್ಲಿ ಕಳಿಸುತ್ತಾರೆ. ಅಲ್ಲಿ ನಿಮ್ಮ ಚಿತ್ರ ಇರಲ್ಲ. ಸಹಾಯ ಎಲ್ಲಿ ಕಡಿಮೆಯೋ ಅಲ್ಲಿ ನಿಲ್ಲುವ ಸಾಲು ಬೇಕು.

ಇನ್ನು ಎರಡನೇ ಸಾಲನ್ನು ಪರೀಕ್ಷೆಗೂ ತೆಗೆದುಕೊಳ್ಳಬೇಡಿ. ಅರ್ಥವೇನೋ ಸ್ಪಷ್ಟ, ಆದರೆ ಎಲ್ಲಾ ಎಣ್ಣೆ ಪ್ಯಾಕೆಟ್ ಮೇಲೂ ಅದೇ ಇರುತ್ತೆ. ಅದೂ ಅಲ್ಲದೆ ಎಫ್‌ಎಸ್‌ಎಸ್‌ಎಐನ 2018ರ ಜಾಹೀರಾತು ನಿಯಮಗಳಲ್ಲಿ ಇಂಥ ಪದಗಳಿಗೆ ಷರತ್ತುಗಳಿವೆ. ತಾಜಾ ಅನ್ನುವುದನ್ನು ತೊಳೆದದ್ದು, ಹೆಚ್ಚಿದ್ದು, ತಣ್ಣಗಿಟ್ಟದ್ದು ಇಂಥದಕ್ಕೆ ಮಾತ್ರ ಬಳಸಬಹುದು. ಬೀಜ ಅರೆದು ಎಣ್ಣೆ ತೆಗೆದಮೇಲೆ ಅದು ಹೇಗೆ ತಾಜಾ ಆಗುತ್ತೆ?

ಗಾಣದಮನೆ
ಎರಡು ದಿನ ಆಯ್ತು, ಪರೀಕ್ಷೆ ಮುಗೀತು. ಕೈಕಾಲು ನೋವು 😅 ಹಳೇದು, ಮೂರು, ನಾಲ್ಕು, ಐದು ತೆಗೆದುಕೊಂಡೆವು.

ಹಳೇದು: ಹತ್ತರಲ್ಲಿ ಐದು ಜನ ಅಡುಗೆ ಎಣ್ಣೆ ಅಂದರು. ನಾಲ್ಕು ಜನ ಬಾರ್. ಒಬ್ಬರು ಕುಡಿತ ಬಿಡಿಸುವ ಕೇಂದ್ರ ಅಂದರು! ಮಾರನೇ ದಿನ ಒಂಬತ್ತು ಜನ ಸಾಲನ್ನು ಅಕ್ಷರ ತಪ್ಪದೆ ಹೇಳಿದರು. ಆದರೆ ಅಂಗಡಿ ಹೆಸರು ನೆನಪಿದ್ದದ್ದು ಮೂವರಿಗೆ.

ಮೂರನೇದು: ಎಂಟು ಜನ ಎಣ್ಣೆ ಅಂದರು. ಖುಷಿಯಾಯ್ತು. ಆಮೇಲೆ ಬರೆದುಕೊಂಡದ್ದನ್ನು ಓದಿದರೆ ಆ ಎಂಟರಲ್ಲಿ ಏಳು ಜನ, "ಬೀಜ ನಾವೇ ತಂದರೆ ಎಣ್ಣೆ ತೆಗೆದುಕೊಡ್ತಾರೆ" ಅಂದಿದ್ದಾರೆ. ನಾವು ಹಾಗೆ ಮಾಡಿಕೊಡುವುದು ಭಾನುವಾರ ಮಾತ್ರ. ಉಳಿದ ಇಬ್ಬರಿಗೆ ಅದು ಬಿತ್ತನೆ ಬೀಜದ ಅಂಗಡಿ.

ನಾಲ್ಕನೇದು: ಆರು ಜನ ಅಡುಗೆ ಎಣ್ಣೆ. ಇಬ್ಬರು ತಲೆಸುತ್ತಿಗೆ ಹಚ್ಚುವ ಎಣ್ಣೆ ಅಂದರು. ಮಂಡ್ಯ ಕಡೆಯ ಒಬ್ಬರು ಕಬ್ಬಿನ ಹಾಲು ಅಂದರು. ಇನ್ನೊಬ್ಬರು ಗೊತ್ತಿಲ್ಲ ಅಂದರು. ಮಾರನೇ ದಿನ ಏಳು ಜನಕ್ಕೆ ಸಾಲು ನೆನಪಿತ್ತು, ಆರು ಜನಕ್ಕೆ ಅಂಗಡಿಯೂ.

ಐದನೇದು: ಒಂಬತ್ತು ಜನ ಎಣ್ಣೆ. ನೆನಪಿದ್ದದ್ದು ಐದು ಜನಕ್ಕೆ. ಅದರಲ್ಲೂ ಮೂವರು "ಕೈಯಲ್ಲೇ ಗಾಣ, ಕಣ್ಣೆದುರು ಎಣ್ಣೆ" ಅಂತ ತಿರುಗಿಸಿ ಹೇಳಿದರು.

ಒಂದು ಪರೀಕ್ಷೆಯಲ್ಲಿ ಹಳೇದು ಗೆಲ್ಲುತ್ತೆ, ಇನ್ನೊಂದರಲ್ಲಿ ಐದು. ಎರಡನ್ನೂ ಕೂಡಿಸಿದರೆ ಹಳೇದಕ್ಕೆ 5+9, ಐದನೇದಕ್ಕೆ 9+5. ಎರಡೂ ಹದಿನಾಲ್ಕೇ! ಈಗೇನು ಮಾಡೋದು?

ಪ್ರಶ್ನೆಪತ್ರಿಕೆ
ಕೂಡಿಸಲೇಬೇಡಿ. ಅದೇ ತಪ್ಪಾಗೋದು. ತಪ್ಪು ಅರ್ಥದ ಸಾಲು ಚೆನ್ನಾಗಿ ನೆನಪಿದ್ದರೆ ಅದು ಲಾಭವಲ್ಲ, ನಷ್ಟ. ಆ ನಾಲ್ಕು ಜನ ನಿಮ್ಮನ್ನು ಬಾರ್ ಅಂತಲೇ ನೆನಪಿಟ್ಟುಕೊಂಡಿದ್ದಾರೆ.

ಮೊದಲು ಒಂದು ಗೆರೆ ಎಳೆಯಿರಿ. ಹತ್ತರಲ್ಲಿ ಎಂಟು ಜನಕ್ಕಾದರೂ ಏನು ಸಿಗುತ್ತೆ ಅನ್ನುವುದು ಸರಿಯಾಗಿ ಗೊತ್ತಾಗಬೇಕು. ಆ ಗೆರೆ ದಾಟಿದವುಗಳಲ್ಲಿ ಮಾತ್ರ ಯಾವುದು ಹೆಚ್ಚು ನೆನಪಿರುತ್ತೆ ಅಂತ ನೋಡಿ. ಹಳೇದು ಐದಕ್ಕೆ ನಿಂತಿತು, ಆದ್ದರಿಂದ ಅದರ ಒಂಬತ್ತನ್ನು ಎಣಿಸುವಂತೆಯೇ ಇಲ್ಲ. ಮೂರನೇದು ಗೆರೆ ದಾಟಿದ ಹಾಗೆ ಕಾಣುತ್ತೆ, ದಾಟಿಲ್ಲ. ಎಣ್ಣೆ ಅಂತ ಗೊತ್ತಾಯ್ತು, ಕೊಂಡುಕೊಳ್ಳಬಹುದು ಅಂತ ಗೊತ್ತಾಗಲಿಲ್ಲ. ಬೀಜ ಇಲ್ಲದವನು ಒಳಗೇ ಬರಲ್ಲ.

ನಾಲ್ಕನೇದರ ಕಾಯಿಲೆ ಸಣ್ಣದು. ಅದರಲ್ಲಿ ಎಣ್ಣೆ ಅನ್ನುವ ಪದವೇ ಇಲ್ಲ. ಗಾಣ ಎಂದರೆ ಕಬ್ಬಿನದೂ ಆಗುತ್ತೆ, ಮಂಡ್ಯದವರ ತಪ್ಪೇನಿದೆ? ಆ ಪದ ಸೇರಿಸಿ ಹೊಸ ಹತ್ತು ಜನರಿಗೆ ತೋರಿಸಿ.

ಪ್ರಾಸಪ್ರಿಯ
ಐದನೇದನ್ನು ಯಾಕೆ ತಿರುಗಿಸಿ ಹೇಳಿದರು ಗೊತ್ತಾ? ಕಣ್ಣು, ಕೈ ಎರಡೂ "ಕ"ದಿಂದ ಶುರು. ಅದಲು ಬದಲಾದರೂ ಕಿವಿಗೆ ಗೊತ್ತಾಗಲ್ಲ. ನಮ್ಮ ಹಳೇ ಕವಿಗಳು ಎರಡನೇ ಅಕ್ಷರದಲ್ಲಿ ಪ್ರಾಸ ಇಡುತ್ತಿದ್ದರಲ್ಲ, ಅದನ್ನೇ ಮಾಡಿ. "ಕಣ್ಣ ಮುಂದೆ ಗಾಣ, ಎಣ್ಣೆ ನಿಮ್ಮ ಕೈಗೆ". ಕಣ್ಣ, ಎಣ್ಣೆ. ಎರಡು ತುಂಡಿನ ತಲೆಗೂ "ಣ್ಣ" ಕೂತಿತು. ಇನ್ನು ತಿರುಗಿಸಲು ಆಗಲ್ಲ.

ಚಳ್ಳಕೆರೆ ಹುಡುಗ
ಮೇಡಂ ಸೂಪರ್! ನನ್ನ ವೋಟು ಬದಲಾಯ್ತು.

ಬ್ರಷ್ ಮೇಷ್ಟ್ರು
ಸಾಲು ಚೆನ್ನಾಗಿದೆ. ಒಂದು ಪ್ರಶ್ನೆ ಅಮ್ಮ: ಬಸ್ ಸ್ಟ್ಯಾಂಡ್ ಅಂಗಡಿಯಲ್ಲಿ ಗಾಣ ಇಡ್ತೀರಾ?

ಗಾಣದಮನೆ
ಅಯ್ಯೋ! ಇಲ್ಲ ಮೇಷ್ಟ್ರೇ. ಹತ್ತು ಅಡಿಗೆ ಹನ್ನೆರಡು ಅಡಿ ಮಳಿಗೆ ಅದು. ಬಾಟಲಿ ಮಾತ್ರ ಮಾರೋದು. ಗಾಣ ಹಳೇ ಅಂಗಡಿಯಲ್ಲಿದೆ.

ಬ್ರಷ್ ಮೇಷ್ಟ್ರು
ಹಾಗಾದರೆ "ಕಣ್ಣ ಮುಂದೆ ಗಾಣ" ಅಂತ ಬರೆದು ಒಳಗೆ ಕಪಾಟು ತೋರಿಸ್ತೀರಾ? ಮೊದಲ ದಿನವೇ ಕೇಳ್ತಾರೆ, "ಗಾಣ ಎಲ್ಲಮ್ಮ?" ಅಂತ. ಅದು ಹಳೇ ಅಂಗಡಿಗೆ ಸರಿ, ಇದಕ್ಕಲ್ಲ.

ಪ್ರಶ್ನೆಪತ್ರಿಕೆ
ಮೇಷ್ಟ್ರೇ, ಕೈ ಮುಗಿದೆ. ಪರೀಕ್ಷೆ ಬರೆದುಕೊಟ್ಟವನು ನಾನು, ಈ ಪ್ರಶ್ನೆ ಕೇಳಲೇ ಇಲ್ಲ. ಹತ್ತಕ್ಕೆ ಹತ್ತು ಜನಕ್ಕೆ ಅರ್ಥವಾದರೂ ಸುಳ್ಳಾದರೆ ಏನು ಬಂತು.

ಗ್ಯಾರೇಜ್ ಬಸು
ಒಂದು ಸಣ್ಣ ಆಟಿಕೆ ಗಾಣ ಇಟ್ಟುಬಿಡಿ ರೀ, ಸುಮ್ನೆ ತಿರುಗ್ತಾ ಇರಲಿ 😄

ಗಾಣದಮನೆ
ನಾಲ್ಕನೇದನ್ನು ತಿದ್ದಿದೆವು. "ಈ ಎಣ್ಣೆಗೆ ತಿರುಗುವುದು ಗಾಣ, ತಲೆಯಲ್ಲ!" ಹೊಸ ಹತ್ತು ಜನ. ಎಂಟು ಜನ ಅಡುಗೆ ಎಣ್ಣೆ ಅಂದರು. ಒಬ್ಬರು ಈಗಲೂ ತಲೆಗೆ ಹಚ್ಚುವ ಎಣ್ಣೆ ಅಂದರು. ಒಬ್ಬರು "ಮದ್ಯಪಾನ ಬೇಡ ಅಂತ ಸರ್ಕಾರದ ಬೋರ್ಡು" ಅಂದರು. ಬಾರ್ ಅಂದವರು ಯಾರೂ ಇಲ್ಲ. ಮಾರನೇ ದಿನ ಏಳು ಜನಕ್ಕೆ ನೆನಪಿತ್ತು, ಏಳೂ ಜನ ಅಂಗಡಿ ಹೆಸರೂ ಹೇಳಿದರು. ಎಪ್ಪತ್ತು ದಾಟಿದ ಒಬ್ಬ ಅಜ್ಜಿಗೆ ಜೋಕ್ ಗೊತ್ತಾಗಲೇ ಇಲ್ಲ. "ಹೌದು, ಗಾಣ ತಾನೇ ತಿರುಗೋದು, ತಲೆ ಯಾಕೆ ತಿರುಗುತ್ತೆ" ಅಂದರು. ಆದರೂ ಅರ್ಧ ಲೀಟರ್ ಬೇಕು ಅಂತ ಹೇಳಿ ಕಳಿಸಿದ್ದಾರೆ.

ಪ್ರಶ್ನೆಪತ್ರಿಕೆ
ಗೆರೆ ದಾಟಿತು. ಹತ್ತು ಜನರ ಲೆಕ್ಕ ಅನ್ನುವುದು ಮಾತ್ರ ನೆನಪಿರಲಿ. ಎಂಟಕ್ಕೂ ಒಂಬತ್ತಕ್ಕೂ ವ್ಯತ್ಯಾಸವೇ ಇಲ್ಲ. ನಾಳೆ ಬೇರೆ ಹತ್ತು ಜನರನ್ನು ಕೇಳಿದರೆ ಅದಲು ಬದಲಾಗಬಹುದು. ಐದಕ್ಕೂ ಎಂಟಕ್ಕೂ ಇರುವ ಅಂತರವನ್ನೂ ನಾನು ಕಣ್ಣು ಮುಚ್ಚಿ ನಂಬಲ್ಲ. ಹಳೇ ಸಾಲಿನಲ್ಲಿ ನಾಲ್ಕು ಜನ ಒಂದೇ ಥರ ತಪ್ಪು ಮಾಡಿದರು, ಬ್ಯಾನರ್ ಕಟ್ಟಿದಾಗ ಗಿರಾಕಿಗಳೂ ಅದೇ ತಪ್ಪು ಮಾಡಿದರು. ನಾನು ನಂಬುವುದು ಅದನ್ನು.

ನೀಲಿ ಛತ್ರಿ
ಈ ಸಾಲಿಗೆ ನನ್ನ ತಕರಾರಿಲ್ಲ. ನಗು ಬರಲಿಲ್ಲ, ಅಷ್ಟೇ. ನೋವೂ ಆಗಲಿಲ್ಲ.

ಪ್ರಾಸಪ್ರಿಯ
ನನಗೆ ಇನ್ನೂ ಸಮಾಧಾನವಿಲ್ಲ. "ಈ ಎಣ್ಣೆಗೆ" ಅಂತ ಮುಂದೆ ಸೇರಿಸಿದ ಮೇಲೆ ಮೊದಲ ತುಂಡು ಉದ್ದವಾಯ್ತು, ತಕ್ಕಡಿ ಒಂದು ಕಡೆಗೆ ವಾಲಿತು. "ತಿರುಗುವುದು ಗಾಣ, ತಲೆಯಲ್ಲ" ಎಂಬ ಮೊದಲಿನ ಏಟು ಇದರಲ್ಲಿಲ್ಲ.

ಬ್ರಷ್ ಮೇಷ್ಟ್ರು
ಅದಕ್ಕೆ ನನ್ನ ಹತ್ತಿರ ದಾರಿ ಇದೆ. "ಈ ಎಣ್ಣೆಗೆ" ಮೇಲಿನ ಸಾಲಿನಲ್ಲಿ ಸ್ವಲ್ಪ ಚಿಕ್ಕದಾಗಿ, ಉಳಿದದ್ದು ಕೆಳಗೆ ದಪ್ಪಗೆ. ತೀರಾ ಚಿಕ್ಕದು ಮಾಡಲ್ಲ. ಹತ್ತು ಅಡಿ ದೂರಕ್ಕೆ ಒಂದು ಇಂಚು ಅಕ್ಷರ ಅಂತ ನಮ್ಮ ಲೆಕ್ಕ. ರಸ್ತೆ ಆಚೆಯಿಂದ ಅರವತ್ತು ಅಡಿ ಅಂದುಕೊಂಡರೂ ಆರು ಇಂಚು ಬೇಕೇ ಬೇಕು. ಅದೂ "ಣ್ಣೆ" ಥರ ಒತ್ತು ಇದ್ದರೆ ಕೆಳಗೆ ಜಾಗ ಹೋಗುತ್ತೆ, ಮೇಲಿನ ಅಕ್ಷರ ಕುಗ್ಗುತ್ತೆ. ಬೋರ್ಡ್ ಎತ್ತರ ಎಷ್ಟು?

ಗಾಣದಮನೆ
ಮೂರು ಅಡಿ ಎತ್ತರ, ಹತ್ತು ಅಡಿ ಅಗಲ. ಅಂಗಡಿ ಹೆಸರೂ ಅದರಲ್ಲೇ ಬರಬೇಕು.

ಬ್ರಷ್ ಮೇಷ್ಟ್ರು
ಕೂರುತ್ತೆ. ಗಾಣದ ಚಿತ್ರ ಚಿಕ್ಕದು ಮಾಡ್ತೀನಿ. ತಲೆಗೆ ಹಚ್ಚೋದು ಅಂದರಲ್ಲ, ಅವರಿಗೆ ಅಂತ ಪಕ್ಕದಲ್ಲಿ ಒಂದು ಒಗ್ಗರಣೆ ಸೌಟು ಬರೀತೀನಿ.

ಗಾಣದಮನೆ ತಮ್ಮ
ನಮಸ್ಕಾರ, ಆ ಸಾಲು ಬರೆದವನು ನಾನೇ. ಎಲ್ಲ ಓದಿದೆ. ನೀಲಿ ಛತ್ರಿ ಅಕ್ಕನಿಗೆ ಕ್ಷಮೆ ಕೇಳುತ್ತೇನೆ, ಅದನ್ನು ಬೋರ್ಡಿಗೆ ಹಾಕಲ್ಲ. ಆದರೆ ಅಕ್ಕ ಒಂದು ವಿಷಯ ನಿಮಗೆ ಹೇಳಿಲ್ಲ. ಕ್ವಾರ್ಟರ್ ಕೇಳಲು ಬಂದ ಮೂವರಲ್ಲಿ ಇಬ್ಬರು ಕಡಲೆಕಾಯಿ ಎಣ್ಣೆ ಕೊಂಡು ಹೋದರು. ಹೊಸ ಸಾಲಿಗೆ ಅಂಥ ಗಿರಾಕಿ ಬರ್ತಾನಾ? ತಪ್ಪು ತಿಳಿದು ಬಂದವನೂ ಗಿರಾಕಿಯೇ ಅಲ್ವಾ ಸರ್?

ಪ್ರಶ್ನೆಪತ್ರಿಕೆ
ಒಳ್ಳೇ ಪ್ರಶ್ನೆ ತಮ್ಮ. ಬಾರ್ ಅಂದುಕೊಂಡು ಬಂದವರನ್ನು ನೀವು ನೋಡಿದ್ದೀರಿ. ಬಾರ್ ಅಂದುಕೊಂಡು ಆಚೆ ದಾಟಿ ಹೋದವರು ಎಷ್ಟು ಜನ, ಅದನ್ನು ಎಣಿಸಲು ನನಗೂ ದಾರಿ ಗೊತ್ತಿಲ್ಲ. ಹೊಸ ಅಂಗಡಿ ತೆರೆದ ಮೇಲೆ ಒಂದು ಪುಸ್ತಕ ಇಡಿ. ಹೊಸಬರು ಬಂದು ಮೊದಲು ಏನು ಕೇಳಿದರು ಅಂತ ಒಂದು ತಿಂಗಳು ಬರೆಯಿರಿ.

ಒಗ್ಗರಣೆ
ನನ್ನ ಹೆಸರಿನ ಸೌಟು ಬರೀತಾರಂತೆ, ಖುಷಿಯಾಯ್ತು. ಹುಚ್ಚೆಳ್ಳೆಣ್ಣೆ ಲೀಟರ್ ಎಷ್ಟು ಅಂತ ಯಾರೂ ಹೇಳಲೇ ಇಲ್ಲ.